420 ಪದ ಒಂದು ಕಡೆ, 70 ಪದ ಇನ್ನೊಂದು ಕಡೆ

ನಮ್ಮ ಕನ್ನಡ ಸಂಘದಲ್ಲಿ ಕವನ ಬರೆಯೋರು ಒಂದಷ್ಟು ಜನ, ನಾಟಕ ಮಾಡೋರು ಒಂದಷ್ಟು ಜನ. ಇವರಿಬ್ಬರ ಜೊತೆಗೂ ಸೇರದೆ ಮೂಲೆಯ ಬೆಂಚಿನಲ್ಲಿ ಕೂತು ಕೆಎಎಸ್‌ಗೆ ಓದುವ ಐದು ಜನರ ಗುಂಪೊಂದಿದೆ, ಅದೇ ನಾವು. ಶನಿವಾರ ಒಬ್ಬರು ಪ್ರಬಂಧ ಬರೆದು ತರಬೇಕು, ಉಳಿದ ನಾಲ್ವರು ಅದನ್ನು ತಿದ್ದಬೇಕು ಅನ್ನೋದು ನಮ್ಮ ನಿಯಮ. ಮೆಷಿನ್ ಡಿಸೈನ್, ಸಿಗ್ನಲ್ಸ್ ಎಲ್ಲ ಓದಿ ಬಂದವರು ಪ್ರಬಂಧ ಹೇಗೆ ತಿದ್ದುತ್ತೀರಿ ಅಂತ ಜೂನಿಯರ್‌ಗಳು ಕೇಳುತ್ತಲೇ ಇರುತ್ತಾರೆ. ಅದಕ್ಕೇ ಈ ಸಂಚಿಕೆಗೆ ಒಂದೇ ಒಂದು ಪ್ರಬಂಧ ತೆಗೆದುಕೊಂಡು, ಅದನ್ನು ನಾವು ಹೇಗೆ ಬಿಚ್ಚಿ ಮತ್ತೆ ಜೋಡಿಸಿದೆವು ಅಂತ ಬರೆಯುತ್ತಿದ್ದೇವೆ. ಪ್ರಬಂಧ ಬರೆದವನು ಯಾದಗಿರಿ ಕಡೆಯ ನಮ್ಮ ಗೆಳೆಯ. ಅವನ ಒಪ್ಪಿಗೆ ಪಡೆದೇ ಇದನ್ನು ಬರೆದಿದ್ದೇವೆ.

ಮೊದಲು ಪತ್ರಿಕೆಯ ಬಗ್ಗೆ ಎರಡು ಮಾತು. ಕೆಎಎಸ್ ಮುಖ್ಯ ಪರೀಕ್ಷೆಯ ಪ್ರಬಂಧ ಪತ್ರಿಕೆ 250 ಅಂಕದ್ದು, ಸಮಯ ಮೂರು ಗಂಟೆ. ಬರೆಯಬೇಕಾದ ಪ್ರಬಂಧ ಎರಡು. ಒಂದು ರಾಷ್ಟ್ರೀಯ ಅಥವಾ ಅಂತರರಾಷ್ಟ್ರೀಯ ಮಹತ್ವದ ವಿಷಯ, ಇನ್ನೊಂದು ರಾಜ್ಯದ ಅಥವಾ ಸ್ಥಳೀಯ ಮಹತ್ವದ ವಿಷಯ. ಅಂದರೆ ಒಂದಕ್ಕೆ ಹೆಚ್ಚೂಕಮ್ಮಿ 90 ನಿಮಿಷ ಸಿಗುತ್ತದೆ. ಪದಗಳ ಮಿತಿಯ ವಿಚಾರದಲ್ಲಿ ಪ್ರಶ್ನೆಪತ್ರಿಕೆಯ ಮೇಲೆ ಏನಿರುತ್ತದೋ ಅದೇ ಕೊನೆಯ ಮಾತು. ಅಭ್ಯಾಸಕ್ಕೆ ನಾವು 1000 ಪದ ಇಟ್ಟುಕೊಂಡಿದ್ದೇವೆ. ಗೆಳೆಯನಿಗೆ ಕೊಟ್ಟ ವಿಷಯ ರಾಜ್ಯದ ಭಾಗದ್ದು: "ಬೆಂಗಳೂರು ಕೇಂದ್ರಿತ ಬೆಳವಣಿಗೆ ಮತ್ತು ಕರ್ನಾಟಕದ ಪ್ರಾದೇಶಿಕ ಅಸಮತೋಲನ."

ತಿದ್ದೋದು ಅಂದರೆ ಕೆಂಪು ಪೆನ್ನು ಹಿಡಿದು ಕಾಗುಣಿತ ಹುಡುಕೋದು ಅಂತ ಬಹಳ ಜನ ತಿಳಿದಿದ್ದಾರೆ. ನಾವು ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇವೆ. ಕಾರಣ ಸರಳ. ತೆಗೆದುಹಾಕಬೇಕಾದ ಪ್ಯಾರಾದಲ್ಲಿ ಒತ್ತಕ್ಷರ ಸರಿಮಾಡಿ ಪ್ರಯೋಜನವಿಲ್ಲ. ಮೊದಲ ಸಲ ಓದುವಾಗ ಪೆನ್ನು ಕೈಯಲ್ಲಿ ಇರಲೇಬಾರದು. ಎರಡನೇ ಸಲ ಪೆನ್ಸಿಲ್ ಹಿಡಿದು, ಪ್ರತಿ ಪ್ಯಾರಾದ ಪಕ್ಕ ಅದು ಏನು ಹೇಳುತ್ತದೆ ಅಂತ ಒಂದು ಸಾಲು ಬರೆಯಬೇಕು. ಒಂದು ಸಾಲಿನಲ್ಲಿ ಹೇಳೋಕೆ ಆಗದಿದ್ದರೆ ಆ ಪ್ಯಾರಾದಲ್ಲಿ ಎರಡು ವಿಷಯ ಇವೆ, ಇಲ್ಲವೇ ಒಂದೂ ಇಲ್ಲ. ಆಮೇಲೆ ಪ್ರಬಂಧ ಮುಚ್ಚಿಟ್ಟು ಪಕ್ಕದ ಸಾಲುಗಳನ್ನಷ್ಟೇ ಮೇಲಿಂದ ಕೆಳಗೆ ಓದಬೇಕು. ಅದು ಒಂದು ವಾದದ ಹಾಗೆ ಕೇಳಿಸಿದರೆ ಚೌಕಟ್ಟು ಇದೆ ಅಂತ ಅರ್ಥ. ಸಂತೆಯ ಚೀಟಿಯ ಹಾಗೆ ಕೇಳಿಸಿದರೆ ಇಲ್ಲ.

ಜೊತೆಗೆ ಪ್ರತಿ ಭಾಗದ ಪದ ಎಣಿಸುತ್ತೇವೆ. ಕೈಬರಹದಲ್ಲಿ ಒಂದೊಂದೇ ಪದ ಎಣಿಸುವುದು ಬೇಡ. ಹತ್ತು ಸಾಲಿನ ಪದ ಎಣಿಸಿ ಹತ್ತರಿಂದ ಭಾಗಿಸಿದರೆ ಸಾಲಿಗೆ ಎಷ್ಟು ಅಂತ ಗೊತ್ತಾಗುತ್ತದೆ, ಆಮೇಲೆ ಸಾಲುಗಳನ್ನು ಎಣಿಸಿದರೆ ಸಾಕು. ಗೆಳೆಯನ ಬರಹದಲ್ಲಿ ಸಾಲಿಗೆ ಏಳು ಪದ ಬೀಳುತ್ತಿತ್ತು. ಲೆಕ್ಕ ಹೀಗೆ ಬಂತು: ಪೀಠಿಕೆ 210, ಇತಿಹಾಸ 290, ಹಿಂದುಳಿದ ಭಾಗಗಳ ಸ್ಥಿತಿ 420, ಬೆಂಗಳೂರಿನ ಪರವಾದ ಮಾತು 70, ಪರಿಹಾರ 160, ಉಪಸಂಹಾರ 90. ಒಟ್ಟು 1240.

ಈ ಆರು ಸಂಖ್ಯೆ ನೋಡಿದ ಮೇಲೆ ಪ್ರಬಂಧ ಓದದವರಿಗೂ ಏನು ತೊಂದರೆ ಅಂತ ತಿಳಿಯುತ್ತದೆ. ಮೊದಲ 500 ಪದ ಮುಗಿದರೂ ವಿಷಯ ಶುರುವಾಗಿಲ್ಲ. ಪೀಠಿಕೆ ನಾಡಗೀತೆಯ ಸಾಲಿನಿಂದ ಆರಂಭವಾಗಿ, ಗಾಂಧೀಜಿ ಹಳ್ಳಿಗಳ ಬಗ್ಗೆ ಹೇಳಿದ್ದೆಂದು ಪ್ರಚಾರದಲ್ಲಿರುವ ಒಂದು ಮಾತಿಗೆ ಹೋಗಿ, ಅಲ್ಲಿಂದ ಬೆಂಗಳೂರಿನ ಟ್ರಾಫಿಕ್‌ಗೆ ಬಂದು ನಿಂತಿತ್ತು. ಆ ಮಾತನ್ನು ಗಾಂಧೀಜಿ ಎಲ್ಲಿ ಹೇಳಿದ್ದಾರೆ ಅಂತ ಕೇಳಿದರೆ ನಮ್ಮಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಮೂಲ ಗೊತ್ತಿಲ್ಲದ ಉಲ್ಲೇಖವನ್ನು ಹೊಡೆದುಹಾಕೋದು ನಮ್ಮ ರೂಢಿ. ಓದುವವರಿಗೆ ಅದು ತಪ್ಪು ಅಂತ ಗೊತ್ತಿದ್ದರೆ, ಮುಂದಿನ ಸರಿಯಾದ ಅಂಕಿಯನ್ನೂ ಅನುಮಾನದಿಂದಲೇ ನೋಡುತ್ತಾರೆ.

ಇತಿಹಾಸದ ಭಾಗ ವಿಜಯನಗರದಿಂದ ಹೊರಟು 1956ರ ಏಕೀಕರಣ ದಾಟಿ 1973ರಲ್ಲಿ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದ ತನಕ ನಡೆದಿತ್ತು. ತಪ್ಪೇನೂ ಇರಲಿಲ್ಲ. ಆದರೆ ಅದರಲ್ಲಿ ಈ ವಿಷಯಕ್ಕೆ ಬೇಕಾದ್ದು ಒಂದೇ ಅಂಶ. 1956ಕ್ಕೆ ಮುಂಚೆ ಕನ್ನಡದ ಜಿಲ್ಲೆಗಳು ಮೈಸೂರು, ಹೈದರಾಬಾದ್, ಮುಂಬೈ, ಮದ್ರಾಸ್, ಕೊಡಗು ಹೀಗೆ ಬೇರೆಬೇರೆ ಆಡಳಿತಗಳಲ್ಲಿದ್ದವು. ಆದ್ದರಿಂದ ಶಾಲೆ, ರಸ್ತೆ, ನೀರಾವರಿ, ವಿದ್ಯುತ್ತಿನ ವಿಷಯದಲ್ಲಿ ಎಲ್ಲರೂ ಒಂದೇ ಗೆರೆಯಿಂದ ಓಟ ಶುರುಮಾಡಲಿಲ್ಲ. ಇಷ್ಟು ಹೇಳೋಕೆ 80 ಪದ ಧಾರಾಳ. ಉಳಿದ 210 ಪದ ಗೆಳೆಯ ಓದಿದ್ದನ್ನು ತೋರಿಸುತ್ತಿದ್ದವೇ ಹೊರತು, ಕೇಳಿದ್ದಕ್ಕೆ ಉತ್ತರ ಕೊಡುತ್ತಿರಲಿಲ್ಲ.

ಇಲ್ಲಿಯವರೆಗೆ ಜಗಳ ಇರಲಿಲ್ಲ. ಜಗಳ ಶುರುವಾಗಿದ್ದು 420 ಮತ್ತು 70ರ ಹತ್ತಿರ.

ನಮ್ಮ ಗುಂಪಿನಲ್ಲಿ ಬಸವನಗುಡಿಯ ಹುಡುಗನೊಬ್ಬ ಇದ್ದಾನೆ. ಬೆಂಗಳೂರಿನ ಪರ ಬರೆದ ಭಾಗವನ್ನು ಅವನು ಜೋರಾಗಿ ಓದಿದ: "ಬೆಂಗಳೂರಿನಿಂದ ರಾಜ್ಯಕ್ಕೆ ಆದಾಯ ಬರುತ್ತದೆ ಎಂದು ಕೆಲವರು ವಾದಿಸುತ್ತಾರೆ. ಆದರೆ ಇದು ಸ್ವಾರ್ಥಿಗಳ ವಾದವೇ ಹೊರತು ಬೇರೇನಲ್ಲ." ಓದಿ ಮುಗಿಸಿ, "ಮಗಾ, ನಿಮ್ಮೂರಿನ ದುಡ್ಡೆಲ್ಲ ನಾನೇ ತಿಂದಂಗಿದೆಯಲ್ಲೋ ಇದು" ಅಂದ.

ಗೆಳೆಯ ನಗಲಿಲ್ಲ. "ನಾ ಬರದದ್ದು ಖರೇನೇ ಅದ. ಹೈಸ್ಕೂಲಿನ್ಯಾಗ ಎರಡು ವರ್ಷ ನಮಗ ಗಣಿತದ ಮಾಸ್ತರ್ ಇರಲಿಲ್ಲ. ಅದನ್ನ ಅರ್ಧ ತಗದು ನಿಮ್ಮ ಮೆಟ್ರೋ ಬಗ್ಗೆ ಅರ್ಧ ಬರೀಲೇನು? ಅದಕ್ಕ ಸಮತೋಲನ ಅಂತೀರೇನು?"

ಪ್ರಬಂಧ ತಿದ್ದುವಾಗ ಎದುರಾಗುವ ಪ್ರಶ್ನೆಗಳಲ್ಲಿ ನಮಗೆ ಇದಕ್ಕಿಂತ ಗಟ್ಟಿಯಾದದ್ದು ಸಿಕ್ಕಿಲ್ಲ. ಸಮತೋಲನ ಅಂದರೆ ಎರಡೂ ಕಡೆ 245 ಪದವೇ? ಹಾಗೆ ಮಾಡಿದರೆ ತಕ್ಕಡಿ ಸಮ ಆಗುತ್ತದೆ, ಆದರೆ ಪ್ರಬಂಧ ಏನನ್ನೂ ಹೇಳುವುದಿಲ್ಲ. "ಒಂದು ಕಡೆ ಹೀಗೆ, ಇನ್ನೊಂದು ಕಡೆ ಹಾಗೆ, ಆದ್ದರಿಂದ ಸಮಗ್ರ ಅಭಿವೃದ್ಧಿ ಬೇಕು" ಅಂತ ಮುಗಿಯುವ ಪ್ರಬಂಧಗಳನ್ನು ನಾವು ಬೇಕಾದಷ್ಟು ಓದಿದ್ದೇವೆ. ಅವು ಯಾರಿಗೂ ನೋವು ಮಾಡುವುದಿಲ್ಲ, ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ಇತ್ತ ಗೆಳೆಯ ಮಾಡಿದ್ದು ಇನ್ನೊಂದು ತುದಿ. ಬೆದರುಬೊಂಬೆ ನಿಲ್ಲಿಸಿ ಅದಕ್ಕೆ ಹೊಡೆದು ಗೆದ್ದೆ ಅಂದ ಹಾಗೆ.

ಆವತ್ತು ನಾವು ಬಳಸಿದ್ದು ಒಂದೇ ಪರೀಕ್ಷೆ. ಎದುರು ಪಕ್ಷದವನು ಆ ಪ್ಯಾರಾ ಓದಿ "ಹೌದು, ನಾನು ಹೇಳೋದು ಇದನ್ನೇ" ಅನ್ನಬೇಕು. ಅಲ್ಲಿಯವರೆಗೆ ಅದನ್ನು ಖಂಡಿಸುವ ಹಕ್ಕು ಬರೆದವನಿಗೆ ಇಲ್ಲ. ಬಸವನಗುಡಿಯವನು ತನ್ನ ಕಡೆಯ ವಾದವನ್ನು ಬಾಯಲ್ಲಿ ಹೇಳಬೇಕು, ಗೆಳೆಯ ಅದನ್ನು ತನ್ನ ಮಾತಿನಲ್ಲಿ ಬರೆಯಬೇಕು ಅಂತ ಒಪ್ಪಂದವಾಯಿತು. ಅರ್ಧ ಗಂಟೆ ಮಾತು, ವಾದ, ಚಹಾ. ಕೊನೆಗೆ ಗೆಳೆಯನ ಕೈಯಿಂದ ಬಂದದ್ದು ಇದು:

"ರಾಜ್ಯದ ಜನಸಂಖ್ಯೆಯಲ್ಲಿ ಸುಮಾರು ಆರನೇ ಒಂದು ಪಾಲು ಹೊಂದಿರುವ ಬೆಂಗಳೂರು ನಗರ ಜಿಲ್ಲೆ, ರಾಜ್ಯದ ಒಟ್ಟು ಉತ್ಪನ್ನದ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ಕೊಡುತ್ತದೆ. ಅಲ್ಲಿ ಹುಟ್ಟುವ ತೆರಿಗೆಯ ಪಾಲಿನಿಂದ ದೂರದ ತಾಲ್ಲೂಕುಗಳ ಶಾಲೆ, ಆಸ್ಪತ್ರೆಗಳೂ ನಡೆಯುತ್ತವೆ. ಕಂಪನಿ, ಕೆಲಸಗಾರ, ಕಾಲೇಜು ಒಂದೇ ಕಡೆ ಸೇರಿದಾಗ ಹೊಸ ಉದ್ಯಮ ಹುಟ್ಟುವುದು ಸುಲಭ. ಆ ಸೌಲಭ್ಯವನ್ನು ಒಂದು ಆದೇಶದಿಂದ ಇನ್ನೊಂದು ಊರಿಗೆ ಸಾಗಿಸಲಾಗದು. ಬೆಂಗಳೂರನ್ನು ತಡೆದರೆ ಆ ಉದ್ಯಮ ಯಾದಗಿರಿಗೆ ಬರುವ ಖಾತ್ರಿಯಿಲ್ಲ. ಹೈದರಾಬಾದಿಗೋ ಪುಣೆಗೋ ಹೋಗಬಹುದು."

ಕೊನೆಯ ವಾಕ್ಯ ಬರೆದವನು ಯಾದಗಿರಿಯವನೇ ಅನ್ನೋದನ್ನು ಗಮನಿಸಿ. ಅದನ್ನು ಬರೆದ ಮೇಲೆ ಅವನ ಹಳೆಯ ವಾದ ನಿಲ್ಲಲಿಲ್ಲ. "ಬೆಂಗಳೂರು ಬೆಳೆದದ್ದಕ್ಕೆ ನಾವು ಹಿಂದುಳಿದೆವು" ಅನ್ನೋ ಜಾಗದಲ್ಲಿ ಇನ್ನೊಂದು ವಾದ ಬೇಕಾಯಿತು. ಎದುರು ಪಕ್ಷವನ್ನು ಬಲವಾಗಿ ಬರೆಯುವುದರಿಂದ ಆಗುವ ನಿಜವಾದ ಲಾಭ ಇದೇ. ಪರೀಕ್ಷಕರಿಗೆ ನಾವು ನಿಷ್ಪಕ್ಷಪಾತಿಗಳ ಹಾಗೆ ಕಾಣುತ್ತೇವೆ ಅನ್ನೋದು ಆಮೇಲಿನ ಮಾತು. ಮೊದಲು ನಮ್ಮ ವಾದದಲ್ಲಿ ಎಲ್ಲಿ ಟೊಳ್ಳಿದೆ ಅಂತ ನಮಗೇ ತಿಳಿಯುತ್ತದೆ.

ಹೊಸ ವಾದಕ್ಕೆ ದಾರಿ ಸಿಕ್ಕಿದ್ದು ಒಂದು ವರದಿಯಿಂದ. ಪ್ರಾದೇಶಿಕ ಅಸಮತೋಲನ ಅಂದ ಕೂಡಲೇ ಎಲ್ಲರೂ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯ ಹೆಸರು ಹೇಳುತ್ತಾರೆ. ಗೆಳೆಯನೂ ಹೇಳಿದ್ದ: "2002ರ ನಂಜುಂಡಪ್ಪ ವರದಿಯು 114 ತಾಲ್ಲೂಕುಗಳು ಹಿಂದುಳಿದಿವೆ ಎಂದು ಹೇಳಿದೆ." ಅಷ್ಟೇ ಬರೆದು ಮುಂದಕ್ಕೆ ಹೋಗಿದ್ದ. ವರದಿಯ ಹೆಸರು ಹೇಳುವುದು ಉದಾಹರಣೆ ಕೊಟ್ಟ ಹಾಗಲ್ಲ. ಅದರ ಒಳಗೆ ಒಂದು ಹೆಜ್ಜೆ ಹೋಗಬೇಕು. ಅಂದಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು. ಅದರಲ್ಲಿ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ಆ 39ರಲ್ಲಿ 21 ಕಲಬುರಗಿ ವಿಭಾಗದಲ್ಲೇ ಇದ್ದವು. ಇದು ಗೆಳೆಯನ ನೋವಿಗೆ ಸಿಕ್ಕ ಗಟ್ಟಿ ಆಧಾರ. ಆದರೆ ಅದೇ 39ರಲ್ಲಿ 13 ತಾಲ್ಲೂಕುಗಳು ದಕ್ಷಿಣ ಕರ್ನಾಟಕದಲ್ಲಿದ್ದವು, ಅದರಲ್ಲೂ 11 ಬೆಂಗಳೂರು ವಿಭಾಗದಲ್ಲೇ. ರಾಜಧಾನಿಯ ಹೆಸರು ಹೊತ್ತ ವಿಭಾಗದಲ್ಲಿ ಇದ್ದೂ ಇವು ಕೊನೆಯ ಸಾಲಿನಲ್ಲಿದ್ದವು.

ಈ ಎರಡು ಸಂಖ್ಯೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಗೆಳೆಯ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಅಂದ್ರ ಇದು ಉತ್ತರ ದಕ್ಷಿಣದ ಜಗಳ ಅಷ್ಟೇ ಅಲ್ಲ. ರಾಜಧಾನಿ ಬಾಜೂಕ ಇದ್ದವರಿಗೂ ಸಿಕ್ಕಿಲ್ಲ" ಅಂದ. ನಾವು ಅದನ್ನೇ ಬರಿ ಅಂದೆವು. ಅವನ ಪ್ರಬಂಧದ ನಿಲುವು ಅಲ್ಲಿ ಬದಲಾಯಿತು: ಬೆಂಗಳೂರಿನ ಬೆಳವಣಿಗೆಯನ್ನು ತಡೆಯುವುದರಿಂದ ಅಸಮತೋಲನ ಹೋಗುವುದಿಲ್ಲ, ಆದರೆ ಆ ಬೆಳವಣಿಗೆ ತಾನಾಗಿಯೇ ಹರಿದು ತಾಲ್ಲೂಕಿಗೆ ಬರುತ್ತದೆ ಅನ್ನೋದೂ ಸುಳ್ಳು, ಪಕ್ಕದಲ್ಲಿರುವ ತಾಲ್ಲೂಕುಗಳಿಗೇ ಅದು ಬಂದಿಲ್ಲ. ಇದರಲ್ಲಿ ಎರಡೂ ಕಡೆಯ ಮಾತಿದೆ, ಆದರೂ ಇದು ಒಂದು ನಿಲುವು. ಯಾರಾದರೂ ಇದನ್ನು ಒಪ್ಪದೇ ಇರಬಹುದು. ನಿಲುವು ಅನ್ನಿಸಿಕೊಳ್ಳಲು ಅಷ್ಟು ಸಾಕು.

ಗಣಿತದ ಮಾಸ್ತರ್ ಇಲ್ಲದ ಎರಡು ವರ್ಷ ಏನಾಯಿತು? ಅದನ್ನು ತೆಗೆಯಲಿಲ್ಲ. ಆದರೆ "ನಮ್ಮ ಊರಿನಲ್ಲಿ" ಅಂತ ಊರಿನ ಹೆಸರು ಹಾಕಿ ಬರೆದಿದ್ದನ್ನು ಬದಲಾಯಿಸಿದೆವು. ಉತ್ತರಪತ್ರಿಕೆಯ ಒಳಗೆ ಬರೆದವರ ಗುರುತು ತೋರಿಸುವಂಥದ್ದು ಇರಬಾರದು ಅನ್ನೋದು ಇಂಥ ಪರೀಕ್ಷೆಗಳ ನಿಯಮ. ಹೆಸರು, ನೋಂದಣಿ ಸಂಖ್ಯೆ ಮಾತ್ರ ಅಲ್ಲ, ಊರು, ಶಾಲೆಯ ವಿವರವನ್ನೂ ಬರೆಯದೇ ಇರುವುದು ಕ್ಷೇಮ. ಹೊಸ ವಾಕ್ಯ ಹೀಗಿದೆ: "ಎರಡು ವರ್ಷ ಗಣಿತದ ಶಿಕ್ಷಕರಿಲ್ಲದ ಹಳ್ಳಿಯ ಪ್ರೌಢಶಾಲೆಯ ಹುಡುಗನಿಗೆ ಬೆಂಗಳೂರಿನ ಐಟಿ ಪಾರ್ಕ್ 500 ಕಿ.ಮೀ. ದೂರವಿಲ್ಲ, ಅದು ಎಸ್ಸೆಸ್ಸೆಲ್ಸಿಯ ಆಚೆಗಿದೆ." ಗೆಳೆಯನ ಪ್ರಬಂಧದಲ್ಲಿ ನಾವು ಒಂದಕ್ಷರವೂ ಮುಟ್ಟದ ವಾಕ್ಯ ಇದೊಂದೇ. ಅನುಭವ ಅಲ್ಲೇ ಇದೆ, ಗುರುತು ಮಾತ್ರ ಹೋಗಿದೆ.

ಉಳಿದ ಉದಾಹರಣೆಗಳಿಗೆ ನಾವು ಕೇಳೋದು ಎರಡೇ ಪ್ರಶ್ನೆ. ಈ ಉದಾಹರಣೆ ಯಾವ ವಾಕ್ಯವನ್ನು ಹೊತ್ತು ನಿಂತಿದೆ? ಇದನ್ನು ತೆಗೆದರೆ ಆ ವಾಕ್ಯ ಬೀಳುತ್ತದೆಯೇ? ಬೀಳದಿದ್ದರೆ ಉದಾಹರಣೆ ಬರೀ ಅಲಂಕಾರ.

ಗೆಳೆಯನಿಗೆ ಬಹಳ ಇಷ್ಟವಾಗಿದ್ದ ಉದಾಹರಣೆ ರಾಯಚೂರಿನ ಶಕ್ತಿನಗರದ್ದು. "ರಾಯಚೂರು ಸುಡುತ್ತದೆ, ಬೆಂಗಳೂರು ಬೆಳಗುತ್ತದೆ" ಅಂತ ಬರೆದಿದ್ದ. ಕೇಳೋಕೆ ಚಪ್ಪಾಳೆ ಹೊಡೆಯುವಂತಿದೆ. ಆದರೆ ಅದು ಹೊತ್ತ ವಾಕ್ಯ "ಹಿಂದುಳಿದ ಭಾಗದ ವಿದ್ಯುತ್ತೆಲ್ಲ ಬೆಂಗಳೂರಿಗೆ ಹೋಗುತ್ತದೆ" ಅನ್ನೋದು. ನಮ್ಮಲ್ಲಿ ಇಬ್ಬರು ಎಲೆಕ್ಟ್ರಿಕಲ್‌ನವರು, ಕೂಡಲೇ ತಕರಾರು ತೆಗೆದರು. ಸ್ಥಾವರದ ವಿದ್ಯುತ್ತು ಗ್ರಿಡ್‌ಗೆ ಸೇರುತ್ತದೆ, ಗ್ರಿಡ್‌ನಿಂದ ಎಲ್ಲ ಕಡೆಗೆ ಹಂಚಿಕೆಯಾಗುತ್ತದೆ. ಯಾವ ಸ್ಥಾವರದ ಯೂನಿಟ್ಟು ಯಾವ ಮನೆಯ ಬಲ್ಬಿಗೆ ಹೋಯಿತು ಅಂತ ಹೇಳಲಾಗದು. ವಾಕ್ಯ ನಿಲ್ಲದ ಮೇಲೆ ಉದಾಹರಣೆ ಎಷ್ಟು ಚೆಂದವಿದ್ದರೂ ಹೋಗಲೇಬೇಕು. ಪ್ರಾಸ ಬಿಡೋಕೆ ಅವನಿಗೆ ಬಹಳ ಸಂಕಟವಾಯಿತು.

ಅದರ ಜಾಗಕ್ಕೆ ಬಂದದ್ದು ಕೋಲಾರ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸುವ ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯ ನೀರು 2018ರಿಂದ ಹರಿಯುತ್ತಿದೆ. ಬತ್ತಿದ್ದ ಕೆರೆಗಳಲ್ಲಿ ನೀರು ನಿಂತಿತು. ಅದೇ ಹೊತ್ತಿಗೆ, ಮೂರನೇ ಹಂತದ ಶುದ್ಧೀಕರಣ ಯಾಕಿಲ್ಲ, ನಗರ ಬಳಸಿ ಬಿಟ್ಟ ನೀರು ನಮ್ಮ ಅಂತರ್ಜಲಕ್ಕೆ ಯಾಕೆ ಅಂತ ಜಿಲ್ಲೆಯಲ್ಲಿ ಆಕ್ಷೇಪ ಎದ್ದು, ವಿಷಯ ನ್ಯಾಯಾಲಯದವರೆಗೆ ಹೋಯಿತು. ಈ ಒಂದು ಉದಾಹರಣೆಯಲ್ಲಿ ನಗರ ಕೊಡುವುದೂ ಇದೆ, ನಗರ ಹೊರಿಸುವುದೂ ಇದೆ. ಪರ ಮತ್ತು ವಿರೋಧಕ್ಕೆ ಬೇರೆಬೇರೆ ಉದಾಹರಣೆ ಹುಡುಕುವ ಬದಲು, ಎರಡೂ ಒಟ್ಟಿಗೆ ಇರುವ ಒಂದು ಜಾಗ ಸಿಕ್ಕರೆ ಪದವೂ ಉಳಿಯುತ್ತದೆ, ಸಮತೋಲನವೂ ತಾನಾಗಿಯೇ ಬರುತ್ತದೆ. ಜೊತೆಗೆ ಕೋಲಾರ ಉತ್ತರದಲ್ಲಿಲ್ಲ, ಬೆಂಗಳೂರಿನ ಪಕ್ಕದಲ್ಲೇ ಇದೆ. ಹೊಸ ನಿಲುವಿಗೆ ಸರಿಯಾಗಿ ಹೊಂದುತ್ತದೆ.

371(ಜೆ) ವಿಧಿ ಮೊದಲ ಪ್ರಬಂಧದಲ್ಲಿ ಪರಿಹಾರದ ಪಟ್ಟಿಯಲ್ಲಿ ಒಂದು ಸಾಲಾಗಿತ್ತು: "371(ಜೆ) ಪರಿಣಾಮಕಾರಿಯಾಗಿ ಜಾರಿಯಾಗಬೇಕು." ಪರಿಣಾಮಕಾರಿ ಅಂದರೆ ಏನು ಅಂತ ಬಿಡಿಸದಿದ್ದರೆ ಆ ಸಾಲು ಯಾವ ಯೋಜನೆಯ ಪಕ್ಕದಲ್ಲೂ ಕೂರುತ್ತದೆ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ ಈ ವಿಧಿ ಆ ಭಾಗಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿಯನ್ನೂ, ಶಿಕ್ಷಣ ಮತ್ತು ಉದ್ಯೋಗದಲ್ಲಿ ಮೀಸಲಾತಿಯನ್ನೂ ಕೊಡುತ್ತದೆ. ಗೆಳೆಯ ಅದನ್ನು ತನ್ನ ಶಿಕ್ಷಕರಿಲ್ಲದ ಶಾಲೆಗೆ ಜೋಡಿಸಿದ. ಕಾಲೇಜಿನ ಸೀಟು ಮೀಸಲಾಗಿದ್ದರೂ ಆ ಸೀಟಿನ ತನಕ ನಡೆದು ಬರುವ ಪ್ರೌಢಶಾಲೆ ಗಟ್ಟಿಯಿಲ್ಲದಿದ್ದರೆ ಲಾಭ ಆ ಭಾಗದ ಪಟ್ಟಣದ ಮಕ್ಕಳಿಗೇ ಹೋಗುವ ಅಪಾಯವಿದೆ, ಆದ್ದರಿಂದ ಮಂಡಳಿಯ ಹಣದಲ್ಲಿ ಮೊದಲ ಪಾಲು ತಾಲ್ಲೂಕಿನ ಶಾಲೆಗಳಿಗೆ ಅಂತ ಬರೆದ. ಪರಿಹಾರದ ಭಾಗದಲ್ಲಿ ಮೊದಲು ಒಂಬತ್ತು ಅಂಶ ಇದ್ದವು. ಈಗ ಉಳಿದದ್ದು ಮೂರು, ಮೂರಕ್ಕೂ ಮೇಲಿನ ಪ್ಯಾರಾಗಳಲ್ಲಿ ಬೇರು ಇದೆ. ಪರಿಹಾರ ಭಾಗ ಸರಿಯಿದೆಯೇ ಅಂತ ನೋಡಲು ನಾವು ಮಾಡುವುದು ಇಷ್ಟೇ: ಪ್ರತಿ ಪರಿಹಾರದಿಂದ ಹಿಂದಕ್ಕೆ ಒಂದು ಗೆರೆ ಎಳೆಯುತ್ತೇವೆ. ಯಾವ ಸಮಸ್ಯೆಗೂ ಹೋಗಿ ಮುಟ್ಟದ ಪರಿಹಾರವನ್ನು ಬಿಡುತ್ತೇವೆ.

ಇನ್ನು ಪದದ ಮಿತಿ. ಕನ್ನಡದಲ್ಲಿ ಬರೆಯುವವರಿಗೆ ಇಲ್ಲೊಂದು ವಿಚಿತ್ರವಿದೆ. ಇಂಗ್ಲಿಷಿನಲ್ಲಿ ಮೂರು ಪದ ತೆಗೆದುಕೊಳ್ಳುವುದು ನಮ್ಮಲ್ಲಿ "ಜಿಲ್ಲೆಗಳಲ್ಲಿ" ಅಂತ ಒಂದೇ ಪದ. ವಿಭಕ್ತಿ ಎಲ್ಲ ಪದದ ಬಾಲಕ್ಕೇ ಅಂಟಿಕೊಳ್ಳುತ್ತದೆ. ಹಾಗಾಗಿ 1000 ಕನ್ನಡ ಪದದಲ್ಲಿ 1000 ಇಂಗ್ಲಿಷ್ ಪದಕ್ಕಿಂತ ಹೆಚ್ಚು ವಿಷಯ ಹಿಡಿಯುತ್ತದೆ, ಆದರೆ ಕೈಗೂ ಅಷ್ಟೇ ಹೆಚ್ಚು ಕೆಲಸ. "ಬಂದಿದ್ದಾನೆ ಎಂದು" ಅನ್ನೋದನ್ನು "ಬಂದಿದ್ದಾನೆಂದು" ಅಂತ ಸೇರಿಸಿ ಬರೆದರೆ ಎಣಿಕೆಯಲ್ಲಿ ಒಂದು ಪದ ಕಮ್ಮಿಯಾಗುತ್ತದೆ, ಬರೆಯುವ ಸಮಯ ಹೆಚ್ಚೇನೂ ಕಮ್ಮಿಯಾಗುವುದಿಲ್ಲ. ಸಂಧಿ ಮಾಡಿ ಪದ ಉಳಿಸುವುದು ಲೆಕ್ಕದ ಉಳಿತಾಯ ಅಷ್ಟೇ. ನಿಜವಾದ ಉಳಿತಾಯ ವಾಕ್ಯದ ಒಳಗಿದೆ. ಗೆಳೆಯನ ಒಂದು ವಾಕ್ಯ ನೋಡಿ:

"ಇಂದಿನ ಆಧುನಿಕ ಯುಗದಲ್ಲಿ ಬೆಂಗಳೂರು ನಗರವು ದಿನದಿಂದ ದಿನಕ್ಕೆ ಅತ್ಯಂತ ವೇಗವಾಗಿ ಬೆಳೆಯುತ್ತಿದ್ದು, ಇದರಿಂದಾಗಿ ರಾಜ್ಯದ ಇತರೆ ಜಿಲ್ಲೆಗಳು ಅಭಿವೃದ್ಧಿಯ ವಿಷಯದಲ್ಲಿ ಹಿಂದುಳಿಯುತ್ತಿವೆ ಎಂದು ಹೇಳಿದರೆ ತಪ್ಪಾಗಲಾರದು."

ಇದರಲ್ಲಿ 20 ಪದ ಇವೆ. ತಿದ್ದಿದ ಮೇಲೆ ಆರು: "ಬೆಂಗಳೂರು ಬೆಳೆದ ವೇಗದಲ್ಲಿ ಉಳಿದ ಜಿಲ್ಲೆಗಳು ಬೆಳೆಯಲಿಲ್ಲ."

ಹೋದದ್ದು ಯಾವುದು ಅಂತ ಗಮನಿಸಬೇಕು. "ಇಂದಿನ ಆಧುನಿಕ ಯುಗದಲ್ಲಿ", "ಎಂದು ಹೇಳಿದರೆ ತಪ್ಪಾಗಲಾರದು" ಇವು ಭಾಷಣದ ಗಾಳಿ, ಹೋಗಬೇಕಾದ್ದೇ. ಆದರೆ ಅವುಗಳ ನಡುವೆ "ಇದರಿಂದಾಗಿ" ಅಂತ ಒಂದು ಪದ ಅಡಗಿ ಕೂತಿತ್ತು. ಬೆಂಗಳೂರು ಬೆಳೆದದ್ದೇ ಬೇರೆಯವರು ಹಿಂದುಳಿಯಲು ಕಾರಣ ಅಂತ ಆ ಒಂದು ಪದ ತೀರ್ಪು ಕೊಟ್ಟುಬಿಟ್ಟಿತ್ತು, ಯಾವ ಆಧಾರವೂ ಇಲ್ಲದೆ. ಅದನ್ನು ಬರೆದಾಗ ಗೆಳೆಯನಿಗೂ ಗಮನಕ್ಕೆ ಬಂದಿರಲಿಲ್ಲ, ಮೊದಲ ಸಲ ಓದಿದ ನಮ್ಮ ಕಣ್ಣಿಗೂ ಬಿದ್ದಿರಲಿಲ್ಲ. ಪದ ಕಡಿಮೆ ಮಾಡಲು ಹೋದಾಗಲೇ ಸಿಕ್ಕಿತು. ಆದ್ದರಿಂದ ಪದ ಕತ್ತರಿಸುವುದನ್ನು ಬರೀ ಮಿತಿಯ ಕೆಲಸ ಅಂತ ನಾವು ನೋಡುವುದಿಲ್ಲ. "ಆದ್ದರಿಂದ", "ಇದರಿಂದಾಗಿ", "ಹೀಗಾಗಿ" ಸಿಕ್ಕ ಕಡೆಯೆಲ್ಲ ನಿಂತು, ಎಡಗಡೆಯದು ನಿಜವಾಗಿ ಬಲಗಡೆಯದಕ್ಕೆ ಕಾರಣವೇ ಅಂತ ಕೇಳಿಕೊಳ್ಳುತ್ತೇವೆ. ಆ ಪ್ರಬಂಧದಲ್ಲಿ ಇಂಥ ಹನ್ನೊಂದು ಪದಗಳಿದ್ದವು. ಕಾರಣ ತೋರಿಸಬಲ್ಲವು ಐದು ಮಾತ್ರ.

ಮಿತಿಯ ವಿಷಯದಲ್ಲಿ ಇನ್ನೊಂದು ಲೆಕ್ಕವೂ ಇದೆ, ಇದನ್ನು ಹಲವರು ಮಾಡುವುದೇ ಇಲ್ಲ. ಗೆಳೆಯ 1240 ಪದ ಬರೆಯಲು 97 ನಿಮಿಷ ತೆಗೆದುಕೊಂಡಿದ್ದ. ನಿಮಿಷಕ್ಕೆ ಹೆಚ್ಚೂಕಮ್ಮಿ 13 ಪದ. ಪರೀಕ್ಷೆಯಲ್ಲಿ 90 ನಿಮಿಷದಲ್ಲಿ 12 ನಿಮಿಷ ರೂಪುರೇಷೆಗೆ, 8 ನಿಮಿಷ ಕೊನೆಗೆ ಓದಿ ನೋಡಲು ಬಿಟ್ಟರೆ ಬರೆಯಲು ಸಿಗುವುದು 70 ನಿಮಿಷ. 70ನ್ನು 13ರಿಂದ ಗುಣಿಸಿದರೆ 910. ಅಂದರೆ ನಾವು ಇಟ್ಟುಕೊಂಡ ಮಿತಿ 1000 ಆದರೂ ಅವನ ಕೈಯ ಮಿತಿ 900. 1000ಕ್ಕೆ ಯೋಜನೆ ಹಾಕಿದರೆ ಏಟು ಬೀಳುವುದು ಉಪಸಂಹಾರಕ್ಕೆ, ಇಲ್ಲವೇ ಎರಡನೇ ಪ್ರಬಂಧದ ಸಮಯಕ್ಕೆ. ನಿಮ್ಮ ಕೈಯ ವೇಗ ಬೇರೆ ಇರಬಹುದು. ಗಡಿಯಾರ ಇಟ್ಟುಕೊಂಡು ಒಂದು ಪ್ರಬಂಧ ಬರೆದರೆ ಗೊತ್ತಾಗುತ್ತದೆ. ಮೊದಲ ಪುಟದ ವೇಗವನ್ನು ನಂಬಬೇಡಿ, ಐದನೇ ಪುಟಕ್ಕೆ ಬೆರಳು ನೋಯುತ್ತಿರುತ್ತದೆ.

ಹಾಗಾಗಿ ಹೊಸ ಹಂಚಿಕೆ 900ಕ್ಕೆ ಆಯಿತು: ಪೀಠಿಕೆ 100, ಹಿನ್ನೆಲೆ 80, ಹಿಂದುಳಿದ ಭಾಗಗಳ ಸ್ಥಿತಿ 240, ಬೆಂಗಳೂರಿನ ಪರವಾದ ವಾದ 180, ಎರಡೂ ಕೂಡುವ ಕೋಲಾರದ ಪ್ಯಾರಾ 100, ಪರಿಹಾರ 140, ಉಪಸಂಹಾರ 60. ಇಲ್ಲೂ ಎರಡು ಕಡೆ ಸಮ ಇಲ್ಲ ಅನ್ನೋದನ್ನು ನೋಡಿ. 240 ಮತ್ತು 180. ಗೆಳೆಯನಿಗೆ ಹೇಳಲು ಹೆಚ್ಚಿರುವ ಕಡೆ ಹೆಚ್ಚು ಪದ ಇವೆ, ಇರಲಿ. 70ರಿಂದ 180ಕ್ಕೆ ಏರಿದ್ದು ದಾಕ್ಷಿಣ್ಯಕ್ಕಲ್ಲ. ಎದುರು ವಾದ ಪೂರ್ತಿ ನಿಲ್ಲಲು ಅಷ್ಟು ಜಾಗ ಬೇಕಿತ್ತು. ಪೀಠಿಕೆಯಿಂದ ನಾಡಗೀತೆ ಹೋಯಿತು, ಆ 39, 21, 13ರ ಲೆಕ್ಕ ಬಂದು ಕೂತಿತು. ಓದುವವರಿಗೆ ನೂರನೇ ಪದಕ್ಕೆ ಬರುವಷ್ಟರಲ್ಲಿ ಇವನು ಎಲ್ಲಿಗೆ ಹೋಗುತ್ತಿದ್ದಾನೆ ಅಂತ ತಿಳಿಯುತ್ತದೆ.

ಕಾಗುಣಿತ ನೋಡಿದ್ದು ಇಷ್ಟೆಲ್ಲ ಆದ ಮೇಲೆ. ಆರು ತಪ್ಪು ಸಿಕ್ಕವು, ಎರಡು ನಿಮಿಷದ ಕೆಲಸ.

ಹೀಗೆ ತಿದ್ದಿದ ಪ್ರಬಂಧವನ್ನು ಉರುಹೊಡೆದರೆ ಉಪಯೋಗವಿಲ್ಲ, ಅದೇ ವಿಷಯ ಪರೀಕ್ಷೆಗೆ ಬರುವ ಖಾತ್ರಿ ಯಾರಿಗೂ ಇಲ್ಲ. ಪರೀಕ್ಷಾ ಕೊಠಡಿಯಲ್ಲಿ ಎರಡನೇ ಸಲ ಬರೆಯೋಕೂ ಆಗೋದಿಲ್ಲ. ಅದಕ್ಕೇ ತಿದ್ದಿ ಮುಗಿಸಿದ ಮೇಲೆ ಗೆಳೆಯನಿಗೆ ಇನ್ನೊಂದು ಕೆಲಸ ಕೊಟ್ಟೆವು. ಹೊಸ ವಿಷಯ, ಕೈಯಲ್ಲಿ 12 ನಿಮಿಷ, ಬರೆಯಬೇಕಾದ್ದು ಪ್ರಬಂಧವಲ್ಲ, ಅರ್ಧ ಪುಟದ ರೂಪುರೇಷೆ. ಅದರಲ್ಲಿ ಇರಬೇಕಾದ್ದು: ತನ್ನ ನಿಲುವು ಒಂದು ವಾಕ್ಯದಲ್ಲಿ, ಎದುರು ಪಕ್ಷದ ಅತಿ ಬಲವಾದ ಮಾತು ಒಂದು ವಾಕ್ಯದಲ್ಲಿ, ಮೂರು ಉದಾಹರಣೆ ಮತ್ತು ಪ್ರತಿಯೊಂದೂ ಹೊರುವ ವಾಕ್ಯ, ಭಾಗಗಳ ಪಕ್ಕ ಪದಗಳ ಹಂಚಿಕೆ. ವಿಷಯ ಕೊಟ್ಟವನು ಬಸವನಗುಡಿಯವನು: "ಕನ್ನಡ ಮಾಧ್ಯಮ ಶಾಲೆಗಳ ಭವಿಷ್ಯ."

ಗೆಳೆಯ ಹಾಳೆಯಲ್ಲಿ ಮೊದಲು ಬರೆದದ್ದು ತನ್ನ ನಿಲುವನ್ನಲ್ಲ. ಇಂಗ್ಲಿಷ್ ಮಾಧ್ಯಮಕ್ಕೆ ಮಗಳನ್ನು ಕಳಿಸುವ ಕೂಲಿಯ ಹೆಂಗಸೊಬ್ಬಳು ಏನು ಹೇಳುತ್ತಾಳೆ ಅನ್ನೋದನ್ನು. "ಇದಕ್ಕ ಉತ್ತರ ಕೊಡ್ಲಿಕ್ಕೆ ಬಂದ್ರ ಉಳಿದದ್ದು ಬರೀತೀನಿ" ಅಂದ. ಆ ಒಂದು ವಾಕ್ಯದ ಮೇಲೆ ನಮ್ಮ ಐವರಿಗೂ ಊಟದ ಹೊತ್ತಿನವರೆಗೆ ಉತ್ತರ ಹೊಳೆಯಲಿಲ್ಲ. ಮುಂದಿನ ಶನಿವಾರಕ್ಕೆ ಅದೇ ವಿಷಯ.